ಒಂದೇ ಲೇಥ್, ಎರಡು ಸವಕಳಿ ಲೆಕ್ಕ: ಎಸ್‌ಎಲ್‌ಎಂ ಮತ್ತು ಡಬ್ಲ್ಯುಡಿವಿ

ಹತ್ತು ಲಕ್ಷ ರೂಪಾಯಿಯ ಒಂದು ಲೇಥ್ ಯಂತ್ರವನ್ನು ಸ್ಥಿರ ಆಸ್ತಿ ರಿಜಿಸ್ಟರ್‌ಗೆ ಏರಿಸಿ, ಅಕ್ಕಪಕ್ಕದ ಕಾಲಂಗಳಲ್ಲಿ ಎರಡೂ ವಿಧಾನ ಹಾಕಿ ನೋಡಿದ ಲೆಕ್ಕವಿದು. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೆ ಸಾಮಾನ್ಯ ಯಂತ್ರಕ್ಕೆ 15 ವರ್ಷ ಬಾಳಿಕೆ. ಉಳಿಕೆ ಮೌಲ್ಯ ಶೇ. 5, ಅಂದರೆ ₹50,000.

ಸರಳ ರೇಖಾ ವಿಧಾನವಾದ ಎಸ್‌ಎಲ್‌ಎಂನಲ್ಲಿ ₹9,50,000ವನ್ನು 15ರಿಂದ ಭಾಗಿಸಿದರೆ ಪ್ರತಿ ವರ್ಷ ₹63,333. ಇಳಿಕೆ ಶೇಷ ವಿಧಾನವಾದ ಡಬ್ಲ್ಯುಡಿವಿಗೆ ಮೊದಲು ದರ ಬೇಕು:

```
=1-(50000/1000000)^(1/15)
```

ಉತ್ತರ ಶೇ. 18.10. ಮೊದಲ ವರ್ಷ ₹1,81,000, ಎರಡನೆಯದು ₹1,48,239, ಮೂರನೆಯದು ₹1,21,408. ಏಳನೇ ವರ್ಷದಿಂದ ಇದರ ಸವಕಳಿ ಎಸ್‌ಎಲ್‌ಎಂಗಿಂತ ಕೆಳಗಿಳಿಯುತ್ತದೆ.

ವ್ಯತ್ಯಾಸ ಎದ್ದು ಕಾಣುವುದು ಯಂತ್ರ ಮಾರುವಾಗ. ಮೂರು ವರ್ಷ ಮುಗಿದ ಮೇಲೆ ₹6,00,000ಕ್ಕೆ ಮಾರಿದರು ಎನ್ನಿ. ಎಸ್‌ಎಲ್‌ಎಂ ಪುಸ್ತಕದಲ್ಲಿ ಉಳಿದಿದ್ದು ₹8,10,000, ಹಾಗಾಗಿ ₹2,10,000 ನಷ್ಟ. ಡಬ್ಲ್ಯುಡಿವಿಯಲ್ಲಿ ಉಳಿದಿದ್ದು ₹5,49,353, ಹಾಗಾಗಿ ₹50,647 ಲಾಭ. ಬೇಗ ಬೆಲೆ ಕಳೆದುಕೊಳ್ಳುವ, ನಡುವೆಯೇ ಬದಲಿಸುವ ಯಂತ್ರಕ್ಕೆ ಡಬ್ಲ್ಯುಡಿವಿ ಸರಿ. ಕೊನೆಯವರೆಗೂ ಒಂದೇ ಸಮ ದುಡಿಯುವ ಯಂತ್ರಕ್ಕೆ ನನ್ನ ಆಯ್ಕೆ ಎಸ್‌ಎಲ್‌ಎಂ.

ಎಕ್ಸೆಲ್‌ನಲ್ಲಿ ಎಡವುವುದು `DDB` ಬಳಸಿದಾಗ. ಅದು ಎರಡನ್ನು 15ರಿಂದ ಭಾಗಿಸಿದ ಶೇ. 13.33 ದರ ಹಿಡಿಯುತ್ತದೆ; 15 ವರ್ಷ ಕಳೆದರೂ ಸುಮಾರು ₹1,17,000 ಉಳಿದೇ ಇರುತ್ತದೆ. ಇಲ್ಲಿಗೆ ಬೇಕಾದ್ದು `DB`. ಉಳಿಕೆ ಮೌಲ್ಯ ಸೊನ್ನೆ ಎಂದು ಕೊಟ್ಟರೆ ಮೇಲಿನ ಸೂತ್ರದ ದರ ಶೇ. 100 ಆಗಿ, ಮೊದಲ ವರ್ಷವೇ ಯಂತ್ರದ ಪುಸ್ತಕ ಮೌಲ್ಯ ಪೂರ್ತಿ ಹೋಗುತ್ತದೆ.

ಅಕ್ಟೋಬರ್ 1ರಂದು ಖರೀದಿಸಿದ್ದರೆ ಆ ವರ್ಷಕ್ಕೆ 182 ದಿನಗಳ ಸವಕಳಿ: ಎಸ್‌ಎಲ್‌ಎಂಗೆ ₹31,580, ಡಬ್ಲ್ಯುಡಿವಿಗೆ ₹90,252. ಆಗ ಎಸ್‌ಎಲ್‌ಎಂ ಹದಿನಾರನೇ ಆರ್ಥಿಕ ವರ್ಷದವರೆಗೂ ಓಡಬೇಕು. ಹಾಳೆಯನ್ನು 15 ಸಾಲಿಗೇ ನಿಲ್ಲಿಸಿದರೆ ಉಳಿಕೆ ಮೌಲ್ಯದ ಮೇಲೆ ₹31,753 ಹಾಗೇ ಕೂತಿರುತ್ತದೆ. ಅದಕ್ಕೇ ರಿಜಿಸ್ಟರ್‌ನಲ್ಲಿ ಬಾಳಿಕೆ ಮುಗಿಯುವ ದಿನಾಂಕದ ಕಾಲಂ ಇರಲೇಬೇಕು.

ತಪ್ಪು ಹಿಡಿಯುವುದರಲ್ಲಿ ಎಸ್‌ಎಲ್‌ಎಂ ಹಗುರ. ಯಾವ ವರ್ಷದ ಅಂಕಿಯನ್ನಾದರೂ ಮೂಲ ಬೆಲೆಯಿಂದಲೇ ಮತ್ತೆ ತೆಗೆಯಬಹುದು. ಡಬ್ಲ್ಯುಡಿವಿಯಲ್ಲಿ ಒಂದು ವರ್ಷದ ಆರಂಭ ಶಿಲ್ಕು ತಪ್ಪಿದರೆ ಮುಂದಿನ ಎಲ್ಲ ವರ್ಷಗಳೂ ತಪ್ಪುತ್ತವೆ.

ಡಬ್ಲ್ಯುಡಿವಿ ಹಾಕಿದರೆ ಆದಾಯ ತೆರಿಗೆಗೂ ಅದೇ ಲೆಕ್ಕ ಸಾಕು ಎಂದುಕೊಳ್ಳಬೇಡಿ. ಅಲ್ಲಿ ಇಂಥ ಯಂತ್ರಗಳ ಬ್ಲಾಕ್‌ಗೆ ದರ ಶೇ. 15, 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ. ಆ ಕಾಲಂ ಬೇರೆಯೇ ಇಡಬೇಕು.