ಸೊಂಟ ಸಣ್ಣದಾಗಿಸಲು ಹೋಗಿ ಬಾಗಿಲವಾಡ ಬಾಗಿಸಿದರು: ಆಲ್ಬಮ್ ಅಚ್ಚಿಗೆ ಹೋಗುವ ಮುನ್ನ ನೋಡಿಕೊಳ್ಳಿ

ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶದ ಆಲ್ಬಮ್ ಮಾಡಿಸಲು ಕೊಟ್ಟಿರುವವರೂ, ಅಂಥ ಆಲ್ಬಮ್‌ಗಳ ಎಡಿಟಿಂಗ್ ಮಾಡುವವರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಫೋಟೋಶಾಪ್‌ನ ಲಿಕ್ವಿಫೈ ಉಪಕರಣದಿಂದ ಮೈಕಟ್ಟನ್ನು ಸ್ವಲ್ಪ ತೆಳ್ಳಗೆ ಕಾಣಿಸುವುದು ಈಗ ಬಹುತೇಕ ಎಲ್ಲೆಡೆ ನಡೆಯುತ್ತಿರುವ ಕೆಲಸ. ಆದರೆ ಆ ಕೆಲಸದಲ್ಲಿ ವ್ಯಕ್ತಿಯ ಹಿಂದಿರುವ ಬಾಗಿಲವಾಡ, ಕಂಬ, ಟೈಲ್ಸ್ ಸಂದುಗಳು ಬಾಗಿ ಹೋದರೆ ಮೊಬೈಲ್ ಪರದೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 12x36 ಇಂಚು ಅಳತೆಯ ಆಲ್ಬಮ್ ಹಾಳೆಯಲ್ಲಿ ಮನೆಮಂದಿಯೆಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತು ಆಗ ಹಾಳೆಯನ್ನೇ ಮತ್ತೆ ಅಚ್ಚು ಮಾಡಿಸದೆ ದಾರಿಯಿಲ್ಲ.

ನಮ್ಮ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಯಲ್ಲಿ ನಡೆದಿತ್ತು. ಹಳೆಯ ತೊಟ್ಟಿ ಮನೆ. ಮುಂಬಾಗಿಲಿಗೆ ಕೆತ್ತನೆಯ ದಪ್ಪ ಬಾಗಿಲವಾಡವಿದೆ, ಅದರ ಪಕ್ಕದ ಜಗಲಿಯ ಗೋಡೆಗೆ ಎದೆಯೆತ್ತರದವರೆಗೆ ಇತ್ತೀಚೆಗೆ ಟೈಲ್ಸ್ ಹಾಕಿಸಿದ್ದಾರೆ. ಹುಡುಗಿ ಬಾಗಿಲವಾಡಕ್ಕೆ ಮೈ ತಾಗುವಂತೆ ನಿಂತ ಚಿತ್ರವೇ ಆಲ್ಬಮ್‌ನ ಮುಖ್ಯ ಹಾಳೆಯಾಗಿತ್ತು. ಫೋಟೋ ತೆಗೆದ ಸ್ಟುಡಿಯೋದವರು ಅವಳನ್ನಾಗಲಿ ಮನೆಯವರನ್ನಾಗಲಿ ಕೇಳದೆ ಸೊಂಟ ಮತ್ತು ತೋಳನ್ನು ಸಣ್ಣ ಮಾಡಿ ಅಚ್ಚಿಗೆ ಕಳಿಸಿದ್ದರು. ಆಲ್ಬಮ್ ಬಂದ ದಿನ ಎಲ್ಲರೂ ಹುಡುಗಿಯ ಸೀರೆ ನೋಡುತ್ತಿದ್ದಾಗ ದೊಡ್ಡಪ್ಪ ಮಾತ್ರ ಬಾಗಿಲಿನ ಮೇಲೆ ಬೆರಳಿಟ್ಟು, “ಇದು ನಮ್ಮನೆ ಬಾಗಿಲಲ್ಲ ಮಾರಾಯ, ನಮ್ಮದು ಹೀಗೆ ಸೊಟ್ಟ ಇಲ್ಲ” ಅಂದರು. ನೆಟ್ಟಗಿನ ಬಾಗಿಲವಾಡ ಸರಿಯಾಗಿ ಸೊಂಟದ ಎತ್ತರದಲ್ಲಿ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬಂದಿತ್ತು. ಇನ್ನೊಂದು ಬದಿಯಲ್ಲಿ ಟೈಲ್ಸ್ ಸಂದು ಅಲೆಅಲೆಯಾಗಿತ್ತು. ನಾನು ಶಿವಮೊಗ್ಗದಲ್ಲಿ ಆಲ್ಬಮ್ ಎಡಿಟಿಂಗ್ ಕೆಲಸವನ್ನೇ ಮಾಡುವವನಾದ್ದರಿಂದ ಮೂಲ ಫೈಲ್ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿದೆ. ಎಲ್ಲಿ ಏನು ನಡೆದಿದೆ ಎಂಬುದು ಸ್ಪಷ್ಟವಾಗಿ ತಿಳಿಯಿತು.

ಲಿಕ್ವಿಫೈಗೆ ಮೈ ಯಾವುದು, ಗೋಡೆ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ನೆನೆದ ಬಟ್ಟೆಯ ಮೇಲೆ ಬೆರಳೊತ್ತಿ ಎಳೆದರೆ ಸುತ್ತಲಿನ ಬಟ್ಟೆಯೂ ಸರಿಯುವಂತೆ, ಬ್ರಷ್‌ನ ವೃತ್ತದೊಳಗೆ ಬಂದದ್ದೆಲ್ಲ ಎಳೆದ ಕಡೆಗೆ ಸರಿಯುತ್ತದೆ. ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಸೊಂಟದ ಗೆರೆ ನಯವಾಗಿ ಬರಬೇಕಾದರೆ ಬ್ರಷ್ ದೊಡ್ಡದಿರಬೇಕು, ಆದರೆ ದೊಡ್ಡ ಬ್ರಷ್ ಪಕ್ಕದ ಬಾಗಿಲವಾಡವನ್ನೂ ಹಿಡಿದುಕೊಳ್ಳುತ್ತದೆ. ಬಾಗಿಲವಾಡ ತಪ್ಪಿಸಲೆಂದು ಬ್ರಷ್ ಚಿಕ್ಕದು ಮಾಡಿದರೆ ಸೊಂಟದ ಗೆರೆಯೇ ಉಬ್ಬುತಗ್ಗಾಗುತ್ತದೆ. ಮೈ ಮತ್ತು ಗೋಡೆ ಎರಡೂ ಇರುವ ಒಂದೇ ಪದರದಲ್ಲಿ, ಅಂದರೆ ಒಂದೇ ಲೇಯರ್‌ನಲ್ಲಿ ಕೆಲಸ ಮಾಡುವವರೆಗೆ ಈ ಇಕ್ಕಟ್ಟಿನಿಂದ ಬಿಡುಗಡೆಯಿಲ್ಲ, ಮತ್ತು ನಮ್ಮ ಚಿತ್ರದಲ್ಲಿ ಆ ಎರಡೂ ದೋಷಗಳಿದ್ದವು.

ಎಳೆಯುವ ದಿಕ್ಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಒಂದು ಗೆರೆಯನ್ನು ಅದರ ಉದ್ದಕ್ಕೇ ಎಳೆದರೆ ಅದು ಬಾಗುವುದಿಲ್ಲ, ಅಡ್ಡಕ್ಕೆ ಎಳೆದರೆ ಬಾಗುತ್ತದೆ. ಸೊಂಟವನ್ನು ಪಕ್ಕದಿಂದ ಒಳಕ್ಕೆ ಎಳೆಯುವಾಗ ಕೈ ನಿಖರವಾಗಿ ಅಡ್ಡಡ್ಡ ಸರಿದರೆ ಟೈಲ್ಸ್‌ನ ಅಡ್ಡ ಸಂದುಗಳು ತಮ್ಮ ಗೆರೆಯ ಮೇಲೇ ಜಾರುವುದರಿಂದ ನೆಟ್ಟಗೇ ಉಳಿಯುತ್ತವೆ. ಲಂಬವಾದ ಸಂದುಗಳು ಮತ್ತು ಬಾಗಿಲವಾಡ ಮಾತ್ರ ಮೈಯ ಕಡೆಗೆ ಬಾಗುತ್ತವೆ. ನಮ್ಮ ಚಿತ್ರದಲ್ಲಿ ಅಡ್ಡ ಸಂದೂ ಅಲೆಯಾಗಿದ್ದಕ್ಕೆ ಕಾರಣ, ಎಡಿಟರ್ ಓರೆಯಾಗಿ, ತುಸು ಕೆಳಮುಖವಾಗಿ ಎಳೆದದ್ದು. ಕ್ಯಾಮೆರಾ ಓರೆಯಿಂದ ತೆಗೆದ ಚಿತ್ರವಾದರೆ ಟೈಲ್ಸ್ ಸಂದುಗಳೂ ಓರೆಯಾಗಿಯೇ ಇರುತ್ತವೆ, ಅಂಥಲ್ಲಿ ಆ ಓರೆಯನ್ನೇ ಅನುಸರಿಸಿ ಎಳೆಯಬೇಕಾಗುತ್ತದೆ.

ಇದನ್ನು ಕೇಳಿದ ಕೂಡಲೇ ಅನೇಕರು “Freeze Mask ಹಾಕಿದರೆ ಆಯಿತಲ್ಲ” ಎನ್ನುತ್ತಾರೆ. ಇಲ್ಲಿಯೇ ಹೆಚ್ಚು ಜನ ಎಡವುವುದು. Freeze Mask ಬಳಿದ ಜಾಗ ಅಲುಗಾಡುವುದಿಲ್ಲ ಎಂಬುದು ನಿಜ. ಆದರೆ ಮೈಯ ಅಂಚಿನವರೆಗೂ ಗೋಡೆಯನ್ನು ಹೀಗೆ ಕಟ್ಟಿಹಾಕಿ ಮೈಯನ್ನು ಒಳಕ್ಕೆ ಎಳೆದರೆ, ಮೈ ಬಿಟ್ಟುಹೋದ ಜಾಗವನ್ನು ತುಂಬಲು ಉಪಕರಣದ ಬಳಿ ಹೊಸ ಗೋಡೆಯೇನೂ ಇರುವುದಿಲ್ಲ. ಅಂಚಿನಲ್ಲಿ ಇರುವುದನ್ನೇ ಹಿಗ್ಗಿಸಿಯೋ ಎರಡೆರಡು ಸಲ ತೋರಿಸಿಯೋ ತುಂಬುತ್ತದೆ. ಸುಣ್ಣ ಬಳಿದ ಬರಿ ಗೋಡೆಯಾದರೆ ಗೊತ್ತಾಗುವುದಿಲ್ಲ. ಕೆತ್ತನೆಯ ಬಾಗಿಲವಾಡವಾದರೆ ಮಣಿಸಾಲಿನ ಒಂದೊಂದು ಮಣಿಯೂ ಸೊಂಟದ ಪಕ್ಕದಲ್ಲಿ ಜೋಡಿಯಾಗಿ ನಿಲ್ಲುತ್ತದೆ. ಗೆರೆಗೂ ಮೈಗೂ ನಡುವೆ ಬರಿ ಗೋಡೆಯ ಪಟ್ಟಿ ಧಾರಾಳವಾಗಿದ್ದಾಗ ಮಾತ್ರ ಈ ಉಪಾಯ ಕೆಲಸ ಮಾಡುತ್ತದೆ: ಬಾಗಿಲವಾಡಕ್ಕಷ್ಟೇ Freeze Mask ಬಳಿದು ನಡುವಿನ ಪಟ್ಟಿಯನ್ನು ಬಿಟ್ಟರೆ, ಹಿಗ್ಗುವುದೆಲ್ಲ ಆ ಪಟ್ಟಿಯೊಳಗೇ ಮುಗಿಯುತ್ತದೆ. ನಾನು ಅನುಸರಿಸುವ ಅಳತೆಯಂತೆ, 20 ಪಿಕ್ಸೆಲ್ ಎಳೆಯಬೇಕಿದ್ದರೆ ಪಟ್ಟಿ 100 ಪಿಕ್ಸೆಲ್ ಆದರೂ ಇರಬೇಕು. ಗೆರೆ ಮೈಗೆ ತಾಗಿದ್ದರೆ, ಅಥವಾ ಟೈಲ್ಸ್ ಸಂದಿನಂತೆ ಮೈಯ ಹಿಂದಿನಿಂದಲೇ ಹಾದುಹೋಗಿದ್ದರೆ, ಈ ದಾರಿಯನ್ನು ಬಿಡಬೇಕು.

ಹುಡುಗಿಯನ್ನು ಕೇಳಿದಾಗ ಅವಳು, “ತೋಳಿನ ಹತ್ತಿರ ಒಂಚೂರು ಸಾಕು ಅಣ್ಣ, ಸೊಂಟದ್ದು ಕಂಡೂ ಕಾಣದಷ್ಟು” ಎಂದಳು. ಅಷ್ಟನ್ನೇ ಮೂಲ ಫೈಲ್‌ನಿಂದ ಮತ್ತೆ ಮಾಡಿದೆ. ಮೊದಲು ಅವಳ ಆಕೃತಿಯನ್ನು ಆಯ್ಕೆ ಮಾಡಿ, ಸೀರೆಯ ಅಂಚನ್ನು ಪೆನ್ ಟೂಲ್‌ನಿಂದ ಸರಿಪಡಿಸಿ, Ctrl+J ಒತ್ತಿ ಬೇರೆ ಲೇಯರ್‌ಗೆ ತೆಗೆದುಕೊಂಡೆ. ಇಷ್ಟಕ್ಕೇ ಲಿಕ್ವಿಫೈ ಮಾಡಿದರೆ ಕೆಳಗಿನ ಲೇಯರ್‌ನಲ್ಲಿ ಹಳೆಯ ಆಕೃತಿ ಹಾಗೆಯೇ ಇರುವುದರಿಂದ ತೆಳ್ಳಗಾದ ಸೊಂಟದ ಪಕ್ಕದಲ್ಲಿ ಹಳೆಯ ಸೊಂಟ ಇಣುಕುತ್ತದೆ. ಆದ್ದರಿಂದ ಮೈಯ ಹಿಂದಿನ ಗೋಡೆಯನ್ನು ಮೊದಲು ಕಟ್ಟಿಕೊಳ್ಳಬೇಕು. ಇಡೀ ಆಕೃತಿಯನ್ನು ಅಳಿಸಬೇಕಾಗಿಲ್ಲ. ಎಳೆತಕ್ಕಿಂತ ಸ್ವಲ್ಪ ಹೆಚ್ಚು ಅಗಲದ ಪಟ್ಟಿ, ಅಂಚಿನಿಂದ ಒಳಕ್ಕೆ, ಸಿದ್ಧವಾದರೆ ಸಾಕು.

ಬಾಗಿಲವಾಡದ ಕಡೆ, ಸುತ್ತಲಿನದನ್ನು ನೋಡಿ ಜಾಗವನ್ನು ತಾನಾಗಿ ತುಂಬುವ Content-Aware Fill ಅನ್ನು ನಂಬಲಿಲ್ಲ, ಏಕೆಂದರೆ ಅದು ಕೆತ್ತನೆಯ ನಡುವೆ ಸೀರೆಯ ಬಣ್ಣವನ್ನು ತಂದು ಹಚ್ಚುತ್ತಿತ್ತು. ಹುಡುಗಿಯ ಭುಜಕ್ಕಿಂತ ಮೇಲೆ, ಏನೂ ಅಡ್ಡವಿಲ್ಲದ ಜಾಗದಿಂದ ಬಾಗಿಲವಾಡದ ಒಂದು ತುಂಡನ್ನು ಆಯ್ದು, ನಕಲು ಮಾಡಿ, ಸೊಂಟದ ಎತ್ತರಕ್ಕೆ ನೇರವಾಗಿ ಕೆಳಗಿಳಿಸಿದೆ. ಕೆತ್ತನೆಯ ಹೂವು ಒಂದರ ಕೆಳಗೊಂದು ಸರಿಯಾದ ಅಂತರದಲ್ಲಿ ಕೂರುವಂತೆ ನೋಡಿಕೊಂಡೆ. ಕೆಳಗಿನ ಭಾಗಕ್ಕೆ ಬೆಳಕು ಕಡಿಮೆ ಬಿದ್ದಿದ್ದರಿಂದ ಆ ತುಂಡನ್ನು ತುಸು ಕಪ್ಪಾಗಿಸಬೇಕಾಯಿತು. ಟೈಲ್ಸ್ ಕಡೆಗೆ ಕ್ಲೋನ್ ಸ್ಟಾಂಪ್ ಸಾಕಾಯಿತು. ಅದರ ಗುಟ್ಟು ಇಷ್ಟೇ: ಎರಡು ಸಂದುಗಳು ಕೂಡುವ ಮೂಲೆಯ ಮೇಲೆ Alt ಒತ್ತಿ ಕ್ಲಿಕ್ ಮಾಡಿ, ಬಳಿಯುವುದನ್ನೂ ಅಂಥದೇ ಮೂಲೆಯಿಂದ ಶುರು ಮಾಡಿದರೆ ಗೆರೆಗೆ ಗೆರೆ ತಾನಾಗಿ ಕೂಡುತ್ತದೆ. ಮೈ ಹಿಂದೆ ಸರಿದಾಗ ಅಲ್ಲಿಯವರೆಗೆ ಮುಚ್ಚಿದ್ದ ಲಂಬ ಸಂದೊಂದು ಬಯಲಿಗೆ ಬರಬೇಕೇ ಎಂಬುದನ್ನೂ ಲೆಕ್ಕ ಹಾಕಬೇಕು. ಪಕ್ಕದ ಪೂರ್ಣ ಟೈಲ್‌ನ ಅಗಲವನ್ನು ಅಳೆದರೆ ಮುಂದಿನ ಸಂದು ಎಲ್ಲಿ ಬೀಳುತ್ತದೆ ಎಂದು ತಿಳಿಯುತ್ತದೆ. ಟೈಲ್ಸ್ ದೂರ ಹೋದಂತೆ ಕಿರಿದಾಗುವ ಓರೆ ಚಿತ್ರವಾದರೆ ಈ ಕೆಲಸವನ್ನು Vanishing Point ಫಿಲ್ಟರ್‌ನಲ್ಲಿ ಮಾಡುವುದು ಲೇಸು.

ಗೋಡೆ ಸಿದ್ಧವಾದ ಮೇಲೆ ಆಕೃತಿಯ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, Filter > Liquify ತೆರೆದು, Show Backdrop ಗುರುತು ಹಾಕಿ, ಹಿನ್ನೆಲೆಯಾಗಿ ಹೊಸದಾಗಿ ಕಟ್ಟಿದ ಗೋಡೆಯ ಲೇಯರನ್ನಷ್ಟೇ ಆರಿಸಿ, Mode ಅನ್ನು Behind ಎಂದು ಇಟ್ಟೆ. ಈಗ ಬ್ರಷ್ ಎಷ್ಟು ದೊಡ್ಡದಾದರೂ ಬಾಗಿಲಿಗೆ ಭಯವಿಲ್ಲ. Pressure ಅನ್ನು 20ರಿಂದ 30ರೊಳಗೆ ಇಟ್ಟು, ತೋಳಿಗೂ ಸೊಂಟಕ್ಕೂ ಕೆಲವೇ ಮೆದು ಎಳೆತಗಳನ್ನು ಕೊಟ್ಟರೆ ಆಯಿತು. ಬಳೆಗಳಿಗೆ ಮಾತ್ರ Freeze Mask ಬಳಿದಿದ್ದೆ, ಇಲ್ಲದಿದ್ದರೆ ಅವು ಮೊಟ್ಟೆಯಾಕಾರಕ್ಕೆ ತಿರುಗುತ್ತಿದ್ದವು.

ಎಲ್ಲರೂ ಮರೆಯುವ ಜಾಗವೊಂದಿದೆ, ಅದು ತೋಳಿಗೂ ಸೊಂಟಕ್ಕೂ ನಡುವಿನ ತ್ರಿಕೋನದ ಕಿಂಡಿ. ಅದರೊಳಗೂ ಹಿಂದಿನ ಟೈಲ್ಸ್ ಕಾಣುತ್ತದೆ. ಸ್ಟುಡಿಯೋದವರ ಹಾಳೆಯಲ್ಲಿ ತೋಳಿನ ಹೊರಗಿನ ಅಡ್ಡ ಸಂದು ಒಂದು ಎತ್ತರದಲ್ಲೂ, ಕಿಂಡಿಯೊಳಗಿನ ಅದೇ ಸಂದು ಒಂದು ಬೆರಳು ಕೆಳಗೂ ಇತ್ತು. ಆಕೃತಿಯನ್ನು ಬೇರೆ ಲೇಯರ್‌ಗೆ ತೆಗೆಯುವಾಗ ಈ ಕಿಂಡಿಯನ್ನೂ ಕತ್ತರಿಸಿ ತೆರವು ಮಾಡದಿದ್ದರೆ, ಅದರೊಳಗಿನ ಗೋಡೆ ಮೈಯ ಜೊತೆಗೇ ಸರಿದು ಇದೇ ಗತಿಯಾಗುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ಎಡಿಟರ್‌ಗಳು ತಿಳಿಯಲು ಅತ್ಯಂತ ಖಚಿತವಾದ ದಾರಿಯೆಂದರೆ, ಮೂಲ ಚಿತ್ರವನ್ನು ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿಟ್ಟು ಬ್ಲೆಂಡ್ ಮೋಡ್ ಅನ್ನು Difference ಎಂದು ಮಾಡುವುದು. ಬದಲಾಗದ ಜಾಗವೆಲ್ಲ ಪೂರ್ತಿ ಕಪ್ಪಾಗುತ್ತದೆ. ಮೈಯ ಅಂಚಿನಲ್ಲಿ ಬೆಳಕಿನ ಗೆರೆ ಕಾಣುವುದು ಸಹಜ. ಅದರಾಚೆ ಬಾಗಿಲವಾಡದಲ್ಲೋ ಟೈಲ್ಸ್‌ನಲ್ಲೋ ಮಿನುಗು ಕಂಡರೆ ಅಲ್ಲಿ ಏನೋ ಸರಿದಿದೆ ಎಂದರ್ಥ.

ಆಲ್ಬಮ್ ಮಾಡಿಸುವವರ ಬಳಿ ಇದೆಲ್ಲ ಇರುವುದಿಲ್ಲವಾದ್ದರಿಂದ, ಅಚ್ಚಿಗೆ ಮುನ್ನ ಹಾಳೆಗಳ ಫೈಲ್ ತರಿಸಿಕೊಂಡು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿ. ಮುಖವನ್ನು ಬಿಟ್ಟು ಮೊಣಕೈ, ಸೊಂಟ, ತೊಡೆಯ ಎತ್ತರದಲ್ಲಿ ಹಿಂದಿರುವ ನೇರ ಗೆರೆಗಳನ್ನು ನೋಡಿ, ಪರದೆಗೆ ಒಂದು ಸ್ಕೇಲ್ ಹಿಡಿದರೂ ತಿಳಿಯುತ್ತದೆ. ಗೆರೆ ಉದ್ದಕ್ಕೂ ಒಂದೇ ಸಮನೆ ಬಿಲ್ಲಿನಂತೆ ಬಾಗಿದ್ದರೆ ಅದು ಲೆನ್ಸ್‌ನ ಗುಣ, ಎಡಿಟರ್‌ನ ತಪ್ಪಲ್ಲ. ಮೇಲೆ ಕೆಳಗೆ ನೆಟ್ಟಗಿದ್ದು ಮೈಯ ಪಕ್ಕದಲ್ಲಿ ಮಾತ್ರ ಬಾಗಿದ್ದರೆ ಅದು ಲಿಕ್ವಿಫೈ. ಮೈಕಟ್ಟನ್ನು ಮುಟ್ಟುವ ಮುನ್ನ ಆ ವ್ಯಕ್ತಿಯನ್ನು ಕೇಳಬೇಕು ಎಂದು ಕೆಲಸ ಕೊಡುವಾಗಲೇ ಹೇಳಿಬಿಡಿ, ಮೂಲ ಫೈಲ್‌ಗಳನ್ನೂ ತಪ್ಪದೆ ಕೇಳಿ ಪಡೆಯಿರಿ. ಬಾಗಿದ ಹಾಳೆಯಷ್ಟೇ ಕೈಯಲ್ಲಿದ್ದರೆ ಬಾಗಿಲವಾಡವನ್ನು ಮತ್ತೆ ನೆಟ್ಟಗೆ ಎಳೆಯುವ ಪ್ರಯತ್ನದಲ್ಲಿ ಮೈಯ ಅಂಚು ಕೆಡುತ್ತದೆ. ಮೂಲವಿದ್ದರೆ ಮೇಲೆ ಹೇಳಿದಂತೆ ಎಲ್ಲವನ್ನೂ ಹೊಸದಾಗಿ ಮಾಡಬಹುದು.

ಇನ್ನು ಕೆಲವು ಚಿತ್ರಗಳಲ್ಲಿ ಇಷ್ಟೆಲ್ಲ ಮಾಡಿದರೂ ಫಲವಿಲ್ಲ. ಹಿಂದೆ ಮರದ ಜಾಲಂಧ್ರವೋ ಕಬ್ಬಿಣದ ಸರಳಿನ ಕಿಟಕಿಯೋ ಇದ್ದು, ಅದರೆದುರು ಬಿಡಿಕೂದಲು ಅಥವಾ ತೆಳು ಸೆರಗು ಹರಡಿದ್ದರೆ ಆಕೃತಿಯನ್ನು ಸ್ವಚ್ಛವಾಗಿ ಬೇರ್ಪಡಿಸಲು ಆಗುವುದಿಲ್ಲ, ಏಕೆಂದರೆ ಸರಳುಗಳು ಸೆರಗಿನ ಒಳಗಿನಿಂದಲೇ ಕಾಣುತ್ತಿರುತ್ತವೆ. ಅಂಥ ಚಿತ್ರವನ್ನು ಲಿಕ್ವಿಫೈಗೆ ಒಯ್ಯದೆ, ಇದ್ದಂತೆಯೇ ಆಲ್ಬಮ್‌ಗೆ ಹಾಕಿ ಎಂದು ಸ್ಟುಡಿಯೋದವರಿಗೆ ಹೇಳಿ.