ಪ್ಲಾಸ್ಮಿಡ್ ದಾಟಿಸಲು ದ್ರವವೋ, ಫಿಲ್ಟರೋ?

ಆ್ಯಂಟಿಬಯೋಟಿಕ್ ನಿರೋಧಕ ಜೀನ್ ಹೊತ್ತ ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಪುಟ್ಟ ಉಂಗುರ, ಒಂದು ಇ. ಕೋಲೈ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದನ್ನು ಲ್ಯಾಬಿನಲ್ಲಿ ನೋಡಬೇಕಾ? ಎರಡೂ ತಳಿಗಳನ್ನು ದ್ರವದಲ್ಲಿ ಬೆರೆಸಿಡಬಹುದು, ಇಲ್ಲವೇ ಫಿಲ್ಟರ್ ಮೇಲೆ ಒತ್ತೊತ್ತಾಗಿ ಕೂರಿಸಬಹುದು. ಯಾವುದು ಸರಿ ಅನ್ನೋದು ಪೈಲಸ್ ಮೇಲೆ ನಿಂತಿದೆ. ಪೈಲಸ್ ಅಂದರೆ ಕೋಶದಿಂದ ಹೊರಚಾಚುವ ಸಣ್ಣ ಎಳೆ.

ಎಫ್ ಬಳಗದ ಆರ್1 ಪ್ಲಾಸ್ಮಿಡ್‌ನ ಪೈಲಸ್ ಉದ್ದ, ಬಳುಕುವಂಥದ್ದು. ತೇಲುವ ಕೋಶವನ್ನೂ ಹಿಡಿದು ಹತ್ತಿರ ಎಳೆಯುತ್ತದೆ. ಇದಕ್ಕೆ ದ್ರವವೇ ಸಾಕು. ಜೋರಾಗಿ ಮಾತ್ರ ಕುಲುಕಬೇಡಿ, ಜೋಡಿ ಬಿಟ್ಟುಹೋಗುತ್ತದೆ.

ಆರ್‌ಪಿ4 ಎಂಬ ಇನ್ನೊಂದು ಪ್ಲಾಸ್ಮಿಡ್‌ನ ಪೈಲಸ್ ಗಿಡ್ಡ, ಬಿರುಸು. ದ್ರವದಲ್ಲಿ ಜೋಡಿ ನಿಲ್ಲುವುದೇ ಕಷ್ಟ. ಇದಕ್ಕೆ ನಾನು ಫಿಲ್ಟರನ್ನೇ ಹೇಳುತ್ತೇನೆ, ಕೆಲಸ ಸ್ವಲ್ಪ ಜಾಸ್ತಿಯಾದರೂ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಗರ್ ಮೇಲಿಟ್ಟು, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಡಿ. ಆಗ ರಿಲಾಕ್ಸೇಸ್ ಕಿಣ್ವ ಡಿಎನ್‌ಎಯ ಒಂದು ಎಳೆ ಕತ್ತರಿಸುತ್ತದೆ, ಆ ಎಳೆ ಆಚೆ ಹೋಗುತ್ತದೆ. ಎರಡೂ ಕಡೆ ಜೊತೆ ಎಳೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕೊಟ್ಟ ಕೋಶಕ್ಕೂ ಪ್ಲಾಸ್ಮಿಡ್ ಉಳಿಯುತ್ತದೆ.

ಪಡೆಯುವ ತಳಿ ಮೊದಲೇ ರಿಫಾಂಪಿಸಿನ್ ತಡೆಯುವಂಥದ್ದಾಗಿರಲಿ. ಆರ್‌ಪಿ4 ಕನಾಮೈಸಿನ್ ನಿರೋಧ ತರುತ್ತದೆ. ಎರಡೂ ಔಷಧಿಯಿರುವ ತಟ್ಟೆಯಲ್ಲಿ ಬೆಳೆದದ್ದೇ ದಾಟಿದ್ದು. ಕೊಡುವ ತಳಿ, ಪಡೆಯುವ ತಳಿ ಎರಡನ್ನೂ ಬೇರೆ ಬೇರೆಯಾಗಿ ಅದೇ ತಟ್ಟೆಗೆ ಹಚ್ಚಿ ನೋಡಿ. ಅಲ್ಲೂ ಕಾಲೊನಿ ಬಂದರೆ, ಸುಮ್ನೆ ಹುಟ್ಟಿದ ಮ್ಯುಟೇಷನ್ನನ್ನೇ ನೀವು ಎಣಿಸುತ್ತಿರಬಹುದು.