ಹತ್ತು ಆಸನಗಳ ಪಂದ್ಯಾವಳಿ ಲ್ಯಾಬ್: ಮೂರು ಬಗೆಯ ಕಂಪ್ಯೂಟರ್‌ಗಳನ್ನು ಆಡಿಸಿ ನೋಡಿದ ಹೋಲಿಕೆ

ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪ್ರಾಂಶುಪಾಲರೇ ಮತ್ತು ಗುರುಗಳೇ,

ಕಾಲೇಜಿನ ಇ-ಸ್ಪೋರ್ಟ್ಸ್ ಕ್ಲಬ್ಬಿನ ಕಾರ್ಯದರ್ಶಿಯಾಗಿ ತಮ್ಮ ಮುಂದೆ ನಿಂತಿದ್ದೇನೆ. ಐದು ಲಕ್ಷ ರೂಪಾಯಿಗಿಂತ ಹೆಚ್ಚು ಕೇಳಬಾರದು, ಕೇಳುವ ಮೊದಲು ಯಾವ ಕಂಪ್ಯೂಟರ್ ಎಂಬುದನ್ನು ನೀವೇ ಪರೀಕ್ಷಿಸಿ ಬನ್ನಿ ಎಂದು ಕಳೆದ ಸಭೆಯಲ್ಲಿ ತಾವು ಹೇಳಿದ್ದಿರಿ. ಅದರಂತೆ ಮೂರು ಬಗೆಯ ಯಂತ್ರಗಳನ್ನು ಒಂದೊಂದರಂತೆ ಎರವಲು ತಂದು, ನಮ್ಮದೇ ಹಳೆಯ ಲ್ಯಾಬಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ ಆಡಿಸಿ ನೋಡಿದೆವು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹವಾನಿಯಂತ್ರಿತ ಅಂಗಡಿಯೊಳಗೆ ನೋಡಿ ಬಂದ ಫಲಿತಾಂಶವನ್ನು ನಂಬುವಂತಿಲ್ಲವೆಂದೇ ಈ ಕೋಣೆಯನ್ನು ಆರಿಸಿಕೊಂಡೆವು.

ನಾವು ಪಂದ್ಯಾವಳಿಗೆ ಆರಿಸಿಕೊಂಡಿರುವ ಆಟ ವ್ಯಾಲೊರಂಟ್. ಇದು ಐವರ ಎದುರು ಐವರು ಆಡುವ ಶೂಟಿಂಗ್ ಆಟವಾದ್ದರಿಂದ ಹತ್ತು ಆಸನಗಳಿಗಿಂತ ಕಡಿಮೆಯಾದರೆ ಒಂದು ಪಂದ್ಯವನ್ನೂ ಒಂದೇ ಕೋಣೆಯಲ್ಲಿ ನಡೆಸಲಾಗದು. ಅಷ್ಟೇ ಅಲ್ಲ, ಆ ಹತ್ತೂ ಆಸನಗಳು ಒಂದೇ ಸಮನಾಗಿರಬೇಕು. ಬೀದರಿನಿಂದಲೋ ಯಾದಗಿರಿಯಿಂದಲೋ ಬಂದ ತಂಡಕ್ಕೆ ನಿಧಾನದ ಯಂತ್ರ ಸಿಕ್ಕಿ, ಆತಿಥೇಯರಿಗೆ ವೇಗದ ಯಂತ್ರ ಸಿಕ್ಕರೆ ಆ ಫಲಿತಾಂಶಕ್ಕೆ ಬೆಲೆಯಿರುವುದಿಲ್ಲ. ಹಾಗಾಗಿ ನಮ್ಮ ಅಳತೆಗೋಲು ಯಾವ ಯಂತ್ರ ಅತಿ ವೇಗದ್ದು ಎಂಬುದಾಗಿರಲಿಲ್ಲ. ತಾವು ಹಾಕಿದ ಮಿತಿಯೊಳಗೆ ಹತ್ತು ಆಸನಗಳನ್ನು ಸಮನಾಗಿ, ಇಡೀ ಮಧ್ಯಾಹ್ನ ಕುಸಿಯದೆ ನಡೆಸಬಲ್ಲ ಯಂತ್ರ ಯಾವುದು ಎಂಬುದಷ್ಟೇ ಆಗಿತ್ತು.

ಮೊದಲನೆಯದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಗೇಮಿಂಗ್ ಕಂಪ್ಯೂಟರ್. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಟದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆದರೆ ನಮಗೆ ಬಂದ ದರಪಟ್ಟಿಯಂತೆ ಮಾನಿಟರ್ ಸೇರಿ ಒಂದು ಆಸನಕ್ಕೆ ಸುಮಾರು 75 ಸಾವಿರ ರೂಪಾಯಿ ಬೀಳುತ್ತದೆ, ಅಂದರೆ ಐದು ಲಕ್ಷಕ್ಕೆ ಆರು ಆಸನಗಳು. ಆಟ ನಡೆಯುವಾಗ ಒಂದು ಆಸನ ಸುಮಾರು 300 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಹಳೆಯ ಲ್ಯಾಬಿನಲ್ಲಿರುವ 3 ಕೆವಿಎ ಯುಪಿಎಸ್ ಹೊರಬಲ್ಲ ಹೊರೆ 2,400 ವ್ಯಾಟ್ ಮಾತ್ರ. ಮುಂದೆ ಎಂದಾದರೂ ಹತ್ತು ಆಸನಗಳಿಗೆ ವಿಸ್ತರಿಸಿದರೆ ಯುಪಿಎಸ್ ಮತ್ತು ವೈರಿಂಗ್ ಎರಡನ್ನೂ ಬದಲಿಸಬೇಕಾಗುತ್ತದೆ. ಇದನ್ನು ಇಲ್ಲಿಗೇ ಕೈಬಿಟ್ಟೆವು.

ಎರಡನೆಯದು, ನಮ್ಮ ಗೆಳೆಯರಲ್ಲಿ ಬಹುಪಾಲು ಜನರಿಗೆ ಇಷ್ಟವಾದದ್ದು. ಕಂಪನಿಗಳು ಬಳಸಿ ಬಿಟ್ಟ ಚಿಕ್ಕ ಪೆಟ್ಟಿಗೆಯ ಆಫೀಸ್ ಕಂಪ್ಯೂಟರ್‌ಗಳು ಸಿಕಂದರಾಬಾದಿನ ಮಾರುಕಟ್ಟೆಯಿಂದ ನಮ್ಮ ಊರಿನ ಅಂಗಡಿಗಳಿಗೆ ಬರುತ್ತವೆ. ಅಂಥದೊಂದಕ್ಕೆ, ಐ5-8500 ಪ್ರೊಸೆಸರ್ ಇದ್ದದ್ದಕ್ಕೆ, ಗಿಡ್ಡ ಗಾತ್ರದ ಜಿಟಿಎಕ್ಸ್ 1650 ಕಾರ್ಡ್ ಕೂರಿಸಿದರೆ ಎಲ್ಲವೂ ಸೇರಿ ಆಸನಕ್ಕೆ 40 ಸಾವಿರದಲ್ಲಿ ಮುಗಿಯುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಒಂದರಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಈ ಗಿಡ್ಡ ಕಾರ್ಡ್ ಅಷ್ಟರಲ್ಲೇ ನಡೆಯುವುದರಿಂದ ಆಫೀಸ್ ಕಂಪ್ಯೂಟರಿನ ಸಣ್ಣ ಪವರ್ ಸಪ್ಲೈಗೆ ಬೇರೆ ವೈರ್ ಎಳೆಯುವ ಪ್ರಶ್ನೆ ಬರುವುದಿಲ್ಲ. ಕಾಗದದ ಮೇಲೆ ಇದೇ ಗೆಲ್ಲಬೇಕು, ಮತ್ತು ಮೊದಲ ಪಂದ್ಯದಲ್ಲಿ ಗೆದ್ದಿತು ಕೂಡ.

ಆದರೆ ಆಟ ತೆರೆದುಕೊಳ್ಳುವ ಮೊದಲೇ ಒಂದು ತಡೆ ಎದುರಾಯಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟಿನ ಮೋಸ ತಡೆಯುವ ವ್ಯವಸ್ಥೆಯಾದ ವ್ಯಾನ್‌ಗಾರ್ಡ್, ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಯಂತ್ರ ಏಳುವಾಗ ನಂಬಿಕಸ್ತ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಎರಡೂ ಚಾಲ್ತಿಯಲ್ಲಿರಬೇಕೆಂದು ಕೇಳುತ್ತದೆ. ಇಲ್ಲವಾದರೆ VAN9001 ಅಥವಾ VAN9003 ಎಂಬ ಸಂದೇಶ ತೋರಿಸಿ ನಿಂತುಬಿಡುತ್ತದೆ. ಎಂಟನೆಯ ತಲೆಮಾರಿನ ಪ್ರೊಸೆಸರ್ ಇರುವ ಕಂಪ್ಯೂಟರಿನಲ್ಲಿ ಇವೆರಡೂ ಸಾಮಾನ್ಯವಾಗಿ ಇರುತ್ತವೆ. ಆದರೆ ಮಾರುವವರು ಒಂದೇ ಹಳೆಯ ಪ್ರತಿಯಿಂದ ವಿಂಡೋಸ್ ತುಂಬಿದಾಗ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆಯ ವಿಧಾನದಲ್ಲೇ ಉಳಿಯುತ್ತದೆ, ಹಾಗಿರುವಾಗ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಯಂತ್ರವೇ ಏಳುವುದಿಲ್ಲ. ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟು, ಡಿಸ್ಕನ್ನು ಪರೀಕ್ಷಿಸಿ ಹೊಸ ಜಿಪಿಟಿ ವಿಧಾನಕ್ಕೆ ಬದಲಿಸುವ ಈ ಎರಡು ಆಜ್ಞೆಗಳನ್ನು ಅಡ್ಮಿನಿಸ್ಟ್ರೇಟರ್ ಆಗಿ ಕೊಟ್ಟು, ನಂತರ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸಿನಲ್ಲಿ ಹೊಸ ಬೂಟ್ ವಿಧಾನವಾದ ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಆರಿಸಿದ ಮೇಲಷ್ಟೇ ಆಟ ತೆರೆಯಿತು.

```
mbr2gpt /validate /allowFullOS
mbr2gpt /convert /allowFullOS
```

ಇದು ಒಮ್ಮೆ ಮಾಡಿ ಮುಗಿಸುವ ಕೆಲಸ, ಅದಕ್ಕಾಗಿ ನಾನು ಈ ಯಂತ್ರವನ್ನು ಬೇಡವೆನ್ನುವುದಿಲ್ಲ. ಬೇಡವೆನ್ನಲು ಕಾರಣ ಬಿಸಿ. ಎಫ್‌ಪಿಎಸ್, ಅಂದರೆ ಒಂದು ಸೆಕೆಂಡಿನಲ್ಲಿ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಆರಂಭದಲ್ಲಿ 150ರ ಮೇಲಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಜಾರತೊಡಗಿತು, ಎರಡನೆಯ ಪಂದ್ಯದ ಕೊನೆಯಲ್ಲಿ ಗುರಿಯಿಡುವಾಗಲೇ ಚಿತ್ರ ತಡವರಿಸತೊಡಗಿತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರಿನ ಗಡಿಯಾರದ ವೇಗ ಆರಂಭದಲ್ಲಿದ್ದುದಕ್ಕಿಂತ ಬಹಳ ಕೆಳಗಿಳಿದಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟಾಗ ವೇಗ ಮತ್ತೆ ಮೇಲೇರಿತು, ಆದ್ದರಿಂದ ಕಾರಣ ಬಿಸಿಯೇ ಹೊರತು ಆಟವಾಗಲಿ ಇಂಟರ್ನೆಟ್ ಆಗಲಿ ಅಲ್ಲವೆಂಬುದು ಖಚಿತವಾಯಿತು. ಕಾಗದಪತ್ರ ಬೆರಳಚ್ಚಿಸಲೆಂದು ರೂಪಿಸಿದ ಆ ಪೆಟ್ಟಿಗೆಯಲ್ಲಿ ಕಾರ್ಡ್ ಉಗುಳುವ ಬಿಸಿಗಾಳಿ ಹೊರಹೋಗಲು ದಾರಿಯೇ ಇರುವುದಿಲ್ಲ. ಹತ್ತು ಯಂತ್ರಗಳ ಮುಚ್ಚಳ ತೆಗೆದಿಟ್ಟು, ನಮ್ಮ ಊರಿನ ಧೂಳಿನಲ್ಲಿ ಲ್ಯಾಬ್ ನಡೆಸುತ್ತೇವೆಂದು ಹೇಳುವ ಧೈರ್ಯ ನನಗಿಲ್ಲ. ಜೊತೆಗೆ ಇವುಗಳ ಪವರ್ ಸಪ್ಲೈ ಆಯಾ ಕಂಪನಿಯ ಸ್ವಂತ ಅಳತೆಯದು. ಸುಟ್ಟರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಪ್ಲೈ ಅದರಲ್ಲಿ ಕೂರುವುದಿಲ್ಲ.

ಮೂರನೆಯದು ಗ್ರಾಫಿಕ್ಸ್ ಭಾಗವೂ ಪ್ರೊಸೆಸರಿನೊಳಗೇ ಇರುವ, ಬಿಡಿಭಾಗಗಳಿಂದ ಜೋಡಿಸಿದ ಹೊಸ ಕಂಪ್ಯೂಟರ್. ನಾವು ನೋಡಿದ್ದು ರೈಜನ್ 5 5600ಜಿ ಪ್ರೊಸೆಸರಿನದು, ಆರು ಕೋರ್‌ಗಳದು, 65 ವ್ಯಾಟ್‌ಗೆ ರೂಪಿಸಿದ್ದು. ಪೂರ್ಣ ಎಚ್‌ಡಿ ಪರದೆಯಲ್ಲಿ, ಚಿತ್ರದ ಗುಣಮಟ್ಟವನ್ನು ಕಡಿಮೆಗೆ ಇಳಿಸಿ ಆಡಿದಾಗ ಎಫ್‌ಪಿಎಸ್ ನೂರರ ಮೇಲಿತ್ತು. ಹೊಗೆ ಹರಡಿ ಎಲ್ಲರೂ ಒಂದೆಡೆ ನುಗ್ಗಿದಾಗ ತೊಂಬತ್ತರ ಸಮೀಪಕ್ಕೆ ಇಳಿಯಿತು. ಎರಡನೆಯ ಯಂತ್ರದ ಆರಂಭದ ಆಟಕ್ಕಿಂತ ಇದು ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲ ಪಂದ್ಯದಲ್ಲಿ ಎಷ್ಟಿತ್ತೋ ಸಂಜೆಯ ಕೊನೆಯ ಪಂದ್ಯದಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮಗೆ ಬೇಕಾದದ್ದು ಇದೇ.

ಈ ಬಗೆಯ ಯಂತ್ರವನ್ನು ಕೊಳ್ಳುವಾಗ ಒಂದು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಇದರ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ‍್ಯಾಮ್ ಅನ್ನೇ ಬಳಸುತ್ತದೆ. ಡಿಡಿಆರ್4-3200 ರ‍್ಯಾಮಿನ ಒಂದೇ ಪಟ್ಟಿ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಸಾಗುತ್ತದೆ, ಎರಡು ಪಟ್ಟಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ 51.2 ಗಿಗಾಬೈಟ್. ನಮಗೆ ಎರವಲು ಕೊಟ್ಟ ಅಂಗಡಿಯವರು 16 ಜಿಬಿಯ ಒಂದೇ ಪಟ್ಟಿ ಹಾಕಿ ಕಳಿಸಿದ್ದರು. ಆಗ ಆಟ ಅರವತ್ತು ಎಪ್ಪತ್ತರ ನಡುವೆ ತೆವಳುತ್ತಿತ್ತು. ಅದನ್ನು ತೆಗೆದು 8 ಜಿಬಿಯ ಎರಡು ಪಟ್ಟಿ ಹಾಕಿದ ಮೇಲೆ ಬಂದದ್ದೇ ನಾನು ಮೇಲೆ ಹೇಳಿದ ಅಂಕಿ. ದರಪಟ್ಟಿಯಲ್ಲಿ ಎರಡಕ್ಕೂ "16 ಜಿಬಿ" ಎಂದೇ ಬರೆದಿರುತ್ತದೆ. ಆದ್ದರಿಂದ ಖರೀದಿ ಆದೇಶದಲ್ಲಿ "8 ಜಿಬಿಯ ಎರಡು ಪಟ್ಟಿ" ಎಂದೇ ನಮೂದಿಸಬೇಕು. ಯಂತ್ರ ಬಂದ ಮೇಲೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ Slots used ಎಂಬ ಸಾಲಿನಲ್ಲಿ ಎರಡು ತೋರಿಸುತ್ತಿದೆಯೇ ಎಂದು ನೋಡಬೇಕು. ಅಲ್ಲೇ Speed ಎಂಬಲ್ಲಿ 3200ಕ್ಕಿಂತ ಕಡಿಮೆಯಿದ್ದರೆ ಬಯೋಸಿನಲ್ಲಿ ಮೆಮೊರಿಯನ್ನು ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿಲ್ಲವೆಂದು ತಿಳಿಯಬೇಕು. ಇತ್ತೀಚೆಗೆ ಮೆಮೊರಿಯ ಬೆಲೆ ಏರಿರುವುದರಿಂದ ಅಂಗಡಿಯವರು ಇಲ್ಲಿ ಉಳಿಸಲು ನೋಡುವುದು ಸಹಜ.

ಲೆಕ್ಕ ಹೀಗಿದೆ. ಒಂದು ಯಂತ್ರಕ್ಕೆ ಸುಮಾರು 36 ಸಾವಿರ, 100 ಹರ್ಟ್ಜ್‌ನ 24 ಇಂಚಿನ ಮಾನಿಟರಿಗೆ 8 ಸಾವಿರ, ಕೀಬೋರ್ಡ್, ಮೌಸ್ ಮತ್ತು ಹೆಡ್‌ಸೆಟ್‌ಗೆ 2 ಸಾವಿರ. ಹತ್ತು ಆಸನಗಳಿಗೆ 4.6 ಲಕ್ಷ. ಲ್ಯಾಬಿನಲ್ಲಿರುವ ಹಳೆಯ 60 ಹರ್ಟ್ಜ್ ಮಾನಿಟರ್‌ಗಳನ್ನೇ ಬಳಸಬಾರದೇಕೆ ಎಂದು ತಾವು ಕೇಳಬಹುದು. ಅವುಗಳಲ್ಲಿ ಹೊಸ ಚಿತ್ರ ಬರಲು 16.7 ಮಿಲಿಸೆಕೆಂಡ್ ಬೇಕು, ಇವುಗಳಲ್ಲಿ 10 ಸಾಕು. ಯಂತ್ರ ಸೆಕೆಂಡಿಗೆ ನೂರು ಚಿತ್ರ ಕೊಡುವಾಗ ಅರವತ್ತನ್ನಷ್ಟೇ ತೋರಿಸುವ ಪರದೆ ಇಟ್ಟರೆ ಆ 36 ಸಾವಿರದಲ್ಲಿ ಒಂದು ಪಾಲು ವ್ಯರ್ಥವಾದಂತೆಯೇ. ಹಾಗಿದ್ದರೂ ಹಣ ಸಾಲದಿದ್ದರೆ ಮೊದಲ ವರ್ಷ ಬಿಡಬಹುದಾದದ್ದು ಇದೊಂದೇ, ಬಿಟ್ಟರೆ ಹತ್ತೂ ಆಸನಗಳಲ್ಲಿ ಒಟ್ಟಿಗೇ ಬಿಡಬೇಕು.

ಉಳಿಯುವ 40 ಸಾವಿರದಲ್ಲಿ 16 ಪೋರ್ಟ್‌ಗಳ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್, ಕೇಬಲ್ ಮತ್ತು ಹಳೆಯ ಯುಪಿಎಸ್‌ನ ಹೊಸ ಬ್ಯಾಟರಿಗಳು ಬರುತ್ತವೆ. ಯುಪಿಎಸ್ ಅನ್ನು ಐಚ್ಛಿಕವೆಂದು ತಿಳಿಯಬೇಡಿ ಎಂದು ವಿನಂತಿಸುತ್ತೇನೆ. ವ್ಯಾಲೊರಂಟ್ ಪಂದ್ಯ ನಮ್ಮ ಕೋಣೆಯಲ್ಲಿ ನಡೆಯುವುದಿಲ್ಲ, ಅದು ನಡೆಯುವುದು ಮುಂಬೈಯಲ್ಲಿರುವ ಸರ್ವರಿನಲ್ಲಿ. ಇಲ್ಲಿ ವಿದ್ಯುತ್ ಹೋಗಿ ಯಂತ್ರಗಳು ಆರಿದರೆ ಅಲ್ಲಿ ಸುತ್ತು ತನ್ನ ಪಾಡಿಗೆ ಮುಂದುವರಿಯುತ್ತದೆ. ಮೂರನೆಯ ಬಗೆಯ ಹತ್ತು ಆಸನಗಳು ಮಾನಿಟರ್ ಸೇರಿ ಸುಮಾರು 1,200 ವ್ಯಾಟ್ ಎಳೆಯುತ್ತವೆ, ಅಂದರೆ ಈಗಿರುವ ಯುಪಿಎಸ್ ಹೊರಬಲ್ಲ ಹೊರೆಯ ಅರ್ಧ. ಸ್ವಿಚ್ ಮತ್ತು ಫೈಬರ್ ಪೆಟ್ಟಿಗೆಯನ್ನೂ ಅದೇ ಯುಪಿಎಸ್‌ಗೆ ಸೇರಿಸಬೇಕು. ಕಂಪ್ಯೂಟರ್ ಉಳಿದು ಇಂಟರ್ನೆಟ್ ಹೋದರೂ ಆಟಗಾರನಿಗೆ ಆಗುವ ನಷ್ಟ ಒಂದೇ.

ಪ್ರವೇಶ ಶುಲ್ಕದ ಬಗ್ಗೆ ಕಳೆದ ಸಭೆಯಲ್ಲಿ ಆತಂಕ ವ್ಯಕ್ತವಾಗಿತ್ತು. ಆನ್‌ಲೈನ್ ಗೇಮಿಂಗ್ ಕುರಿತು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಆದರೂ ಮೊದಲ ಪಂದ್ಯಾವಳಿಯಲ್ಲಿ ಶುಲ್ಕವನ್ನೇ ತೆಗೆದುಕೊಳ್ಳದಿರಲು ಕ್ಲಬ್ ತೀರ್ಮಾನಿಸಿದೆ.

ಎರಡು ವರ್ಷಗಳ ನಂತರ ಈ ಯಂತ್ರಗಳು ಸಾಲದಾದರೆ ಗ್ರಾಫಿಕ್ಸ್ ಕಾರ್ಡ್ ಸೇರಿಸಲು ಸ್ಲಾಟ್ ಇರುತ್ತದೆ. ಅದಕ್ಕಾಗಿಯೇ 450 ವ್ಯಾಟ್‌ನ, ಮಾರುಕಟ್ಟೆಯಲ್ಲಿ ಎಲ್ಲೆಡೆ ಸಿಗುವ ಅಳತೆಯ ಪವರ್ ಸಪ್ಲೈಯನ್ನು ಲೆಕ್ಕದಲ್ಲಿ ಸೇರಿಸಿದ್ದೇವೆ.

ನನ್ನ ಕೋರಿಕೆ ಇಷ್ಟು: ಐದು ಲಕ್ಷಕ್ಕೆ ಇಂದೇ ಮಂಜೂರಾತಿ ಕೊಡಿ, ಆದರೆ ಆದೇಶವನ್ನು ಎರಡು ಕಂತುಗಳಲ್ಲಿ ಹೊರಡಿಸಿ. ಮೊದಲು ಎರಡು ಯಂತ್ರಗಳು ಬರಲಿ. ಅವುಗಳನ್ನು ಮೇ ತಿಂಗಳ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅದೇ ಕೋಣೆಯಲ್ಲಿ, ಯುಪಿಎಸ್ ಮೇಲೆ, ಕಂಪ್ಯೂಟರ್ ವಿಭಾಗದ ಗುರುಗಳ ಎದುರಿನಲ್ಲೇ ನಿರಂತರ ಆಡಿಸೋಣ. ಎಫ್‌ಪಿಎಸ್ ತೊಂಬತ್ತರ ಆಸುಪಾಸಿಗಿಂತ ಕೆಳಗಿಳಿಯದಿದ್ದರೆ ಮಾತ್ರ ಉಳಿದ ಎಂಟರ ಆದೇಶಕ್ಕೆ ಸಹಿ ಹಾಕಿ.